ಗ್ರಿಪ್ ಸ್ಟ್ರೆಂತ್ ಎರಡು ದಿನ ಅಳೆದಾಯಿತು, ಇನ್ನು ಐಸಿಸಿ ತೆಗೆಯುವುದು ಹೇಗೆ?

"ಎಸ್‌ಪಿಎಸ್‌ಎಸ್‌ನಲ್ಲಿ ಹಾಕಿದೆ, ಎರಡು ಐಸಿಸಿ ಬಂತು. ಒಂದು 0.89, ಇನ್ನೊಂದು 0.94. ಯಾವುದನ್ನ ಬರೀಲಿ?" ಫಿಸಿಯೋಥೆರಪಿ ಥೀಸಿಸ್ ಬರೆಯುವವರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಐಸಿಸಿ ಅನ್ನುವುದು ಅಳತೆಯನ್ನು ಎಷ್ಟು ನಂಬಬಹುದು ಅಂತ ಹೇಳುವ ಅಂಕಿ. ಕೇಳುವಾಗಲೇ ಮನಸ್ಸು 0.94ರ ಕಡೆ ವಾಲಿರುತ್ತದೆ. ದೊಡ್ಡದು ಕಂಡರೆ ಯಾರಿಗೆ ಬೇಡ ಅಲ್ವಾ? ಆದರೆ ಹೆಚ್ಚಿನ ಸಲ ಬರೆಯಬೇಕಾದ್ದು 0.89. ಯಾಕೆ ಅಂತ ಈ ಲೇಖನದಲ್ಲಿ ಒಂದೊಂದೇ ಹಂತವಾಗಿ ನೋಡೋಣ.

ನಾನು ಇಲ್ಲಿ ಒಂದೇ ಸಂದರ್ಭವನ್ನು ಹಿಡಿದುಕೊಳ್ಳುತ್ತೇನೆ. ಒಬ್ಬರೇ ಪರೀಕ್ಷಕರು, ಹಿಡಿತದ ಬಲ ಅಳೆಯುವ ಒಂದೇ ಡೈನಮೋಮೀಟರ್, ಅದೇ ಜನ, ಎರಡು ದಿನ. ಇದಕ್ಕೆ ಟೆಸ್ಟ್-ರೀಟೆಸ್ಟ್ ಅಂತ ಹೆಸರು. ಇಬ್ಬರು ಪರೀಕ್ಷಕರನ್ನು ಹೋಲಿಸುವುದು ಬೇರೆ ಕಥೆ.

ಮೊದಲು: ಐಸಿಸಿ ಅಂದರೆ ಏನು

ಇಂಟ್ರಾಕ್ಲಾಸ್ ಕೋರಿಲೇಶನ್ ಕೋಎಫಿಶಿಯೆಂಟ್ ಅನ್ನುವ ಹೆಸರು ಉದ್ದ, ಒಳಗಿನ ವಿಷಯ ಸಣ್ಣದು. ನೀವು ಅಳೆದ ಅಂಕಿಗಳು ಒಂದೇ ತರ ಇರುವುದಿಲ್ಲ, ಏರಿಳಿತ ಇರುತ್ತದೆ. ಆ ಏರಿಳಿತಕ್ಕೆ ಮೂರು ಕಾರಣ. ಒಂದು, ಜನರೇ ಬೇರೆ ಬೇರೆ: ಒಬ್ಬರ ಕೈ ಗಟ್ಟಿ, ಇನ್ನೊಬ್ಬರದು ಮೆತ್ತಗೆ. ಎರಡು, ದಿನ ಬದಲಾಗಿದ್ದರಿಂದ ಎಲ್ಲರಿಗೂ ಒಟ್ಟಾಗಿ ಸ್ವಲ್ಪ ಏರಿರಬಹುದು ಅಥವಾ ಇಳಿದಿರಬಹುದು. ಮೂರು, ಯಾವ ಲೆಕ್ಕಕ್ಕೂ ಸಿಗದ ಹೆಚ್ಚುಕಮ್ಮಿ, ಅಂದರೆ ಎರರ್. ಒಟ್ಟು ಏರಿಳಿತದಲ್ಲಿ ಮೊದಲನೆಯ ಕಾರಣದ ಪಾಲು ಎಷ್ಟು ಅನ್ನುವುದೇ ಐಸಿಸಿ. ಪಾಲು ಆದ್ದರಿಂದ ಅದಕ್ಕೆ ಕೆಜಿ, ಸೆಂಟಿಮೀಟರ್ ಯಾವುದೂ ಇಲ್ಲ. ಸಾಮಾನ್ಯವಾಗಿ 0ಯಿಂದ 1ರ ಒಳಗೆ ಬರುತ್ತದೆ.

"ಪಾಲು" ಅನ್ನುವ ಈ ಮಾತನ್ನು ಮರೆಯಬೇಡಿ. ಮುಂದೆ ಬರುವ ಅರ್ಧ ಗೊಂದಲಗಳು ಇದನ್ನು ಮರೆತಿದ್ದರಿಂದಲೇ ಹುಟ್ಟಿದವು.

ಹಂತ 1: ಅಳೆಯುವ ಕ್ರಮವನ್ನು ಬರೆದಿಟ್ಟುಕೊಳ್ಳಿ

ಸಾಫ್ಟ್‌ವೇರ್ ತೆರೆಯುವ ಎಷ್ಟೋ ಮೊದಲೇ ನಿಮ್ಮ ಐಸಿಸಿ ಬಹುಪಾಲು ತೀರ್ಮಾನವಾಗಿರುತ್ತದೆ. ಗ್ರಿಪ್ ಸ್ಟ್ರೆಂತ್‌ಗೆ ಅಮೆರಿಕನ್ ಸೊಸೈಟಿ ಆಫ್ ಹ್ಯಾಂಡ್ ಥೆರಪಿಸ್ಟ್ಸ್ ಹೇಳುವ ಭಂಗಿಯನ್ನೇ ಹೆಚ್ಚಿನವರು ಬಳಸುತ್ತಾರೆ. ವ್ಯಕ್ತಿ ಕುರ್ಚಿಯಲ್ಲಿ ಕೂತಿರಬೇಕು. ತೋಳು ಮೈಗೆ ಒತ್ತಿಕೊಂಡಿರಬೇಕು, ಮೊಣಕೈ 90 ಡಿಗ್ರಿ ಮಡಿಸಿರಬೇಕು. ಮುಂದೋಳು ನಡು ಸ್ಥಿತಿಯಲ್ಲಿ, ಅಂದರೆ ಹೆಬ್ಬೆರಳು ಮೇಲಕ್ಕೆ ಇರುವಂತೆ ಇರಲಿ. ಮಣಿಕಟ್ಟು 0ಯಿಂದ 30 ಡಿಗ್ರಿ ಹಿಂದಕ್ಕೆ ಬಾಗಿರಬಹುದು. ಜಮಾರ್ ಡೈನಮೋಮೀಟರ್‌ನ ಹಿಡಿಕೆಗೆ ಐದು ಸ್ಥಾನಗಳಿವೆ. ವಾಡಿಕೆಯಲ್ಲಿ ಎರಡನೆಯದು. ಮೂರು ಸಲ ಹಿಂಡಿಸಿ ಸರಾಸರಿ ತೆಗೆದುಕೊಳ್ಳುವುದು ರೂಢಿ. ನಾನು ಪ್ರತಿ ಹಿಂಡಿಗೂ ನಡುವೆ ಒಂದು ನಿಮಿಷ ಬಿಡುತ್ತೇನೆ.

ಇದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ತಪ್ಪುವುದು ಸಣ್ಣ ವಿಷಯಗಳಲ್ಲಿ. ಮೊದಲ ದಿನ "ಹಿಡೀರಿ, ಹಿಡೀರಿ, ಇನ್ನೂ ಜೋರಾಗಿ!" ಅಂತ ಹುರಿದುಂಬಿಸಿ, ಎರಡನೇ ದಿನ ಸುಮ್ನೆ "ಒತ್ತಿ" ಅಂದರೆ ಅಂಕಿ ಬದಲಾಗುತ್ತದೆ. ಹೇಳುವ ಮಾತನ್ನು ಕಾಗದದ ಮೇಲೆ ಬರೆದು, ಎರಡೂ ದಿನ ಅದನ್ನೇ ಓದಿ. ಮುಳ್ಳಿನ ಡಯಲ್ ಇರುವ ಉಪಕರಣವಾದರೆ, ಅತಿ ಹೆಚ್ಚಿನ ಅಂಕಿಯಲ್ಲಿ ನಿಲ್ಲುವ ಮುಳ್ಳನ್ನು ಪ್ರತಿ ಸಲ ಸೊನ್ನೆಗೆ ತಂದಿದ್ದೀರಾ ನೋಡಿ. ತರದಿದ್ದರೆ ಎರಡನೇ ಹಿಂಡು ಕಡಿಮೆ ಬಂದರೂ ಮುಳ್ಳು ಮೊದಲನೆಯದನ್ನೇ ತೋರಿಸುತ್ತಿರುತ್ತದೆ. ಎಲ್ಲವೂ ತುಂಬಾ ಚೆನ್ನಾಗಿ ಹೊಂದಿಕೆಯಾದಂತೆ ಕಾಣುತ್ತದೆ, ಮೋಸ! ಡಯಲ್ ಮೇಲೆ ಕೆಜಿ ಮತ್ತು ಪೌಂಡ್ ಎರಡೂ ಇದ್ದರೆ ಯಾವುದನ್ನು ಓದುತ್ತೀರಿ ಅಂತಲೂ ಮೊದಲೇ ತೀರ್ಮಾನಿಸಿ.

ಎರಡು ಅಳತೆಗಳ ನಡುವೆ ಎಷ್ಟು ದಿನ ಬಿಡಬೇಕು? ಅದೇ ದಿನ ಅರ್ಧ ಗಂಟೆಗೆ ಮತ್ತೆ ಅಳೆದರೆ ಕೈ ದಣಿದಿರುತ್ತದೆ. ಎರಡು ತಿಂಗಳು ಬಿಟ್ಟರೆ ಬಲವೇ ನಿಜವಾಗಿ ಬದಲಾಗಿರಬಹುದು. ಆರೋಗ್ಯವಂತರಿಗೆ ಒಂದು ವಾರ, ಅದೇ ಹೊತ್ತಿಗೆ ಅನ್ನುವುದು ಸಮಂಜಸ. ಮಣಿಕಟ್ಟಿನ ಮುರಿತದಿಂದ ಚೇತರಿಸಿಕೊಳ್ಳುತ್ತಿರುವವರನ್ನು ವಾರ ಬಿಟ್ಟು ಅಳೆದರೆ ನೀವು ಅಳೆಯುತ್ತಿರುವುದು ಅವರ ಚೇತರಿಕೆಯನ್ನು, ಉಪಕರಣದ ಸ್ಥಿರತೆಯನ್ನಲ್ಲ. ಟೆಸ್ಟ್-ರೀಟೆಸ್ಟ್‌ಗೆ ಬೇಕಾದವರು ಈ ಅವಧಿಯಲ್ಲಿ ಬದಲಾಗದವರು.

ಇನ್ನೊಂದು ಮಾತು. ಎರಡನೇ ದಿನ ಮೊದಲ ದಿನದ ಹಾಳೆ ನಿಮ್ಮ ಕಣ್ಣಿಗೆ ಬೀಳಬಾರದು. "ಹೋದ ವಾರ 34 ಇತ್ತಲ್ಲ" ಅಂತ ನೆನಪಾದರೆ, 33 ಮತ್ತು 34ರ ನಡುವೆ ನಿಂತ ಮುಳ್ಳು 34ಕ್ಕೇ ಕಾಣುತ್ತದೆ.

ಹಂತ 2: ಯಾರನ್ನು, ಎಷ್ಟು ಜನರನ್ನು

ಕೂ ಮತ್ತು ಲೀ ಎಂಬ ಇಬ್ಬರು 2016ರಲ್ಲಿ ಬರೆದ ಮಾರ್ಗದರ್ಶಿ ಲೇಖನವನ್ನು ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಸಲಹೆ ಕನಿಷ್ಠ 30 ಜನ. ಕಡಿಮೆ ಜನ ಇದ್ದರೆ ಏನಾಗುತ್ತದೆ ಅನ್ನುವುದನ್ನು ಹಂತ 6ರಲ್ಲಿ ಅಂಕಿಯಲ್ಲೇ ನೋಡೋಣ.

ಯಾರನ್ನು ಆರಿಸಬೇಕು ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಮುಂದೆ ಯಾರ ಮೇಲೆ ಈ ಅಳತೆ ಬಳಸುತ್ತೀರೋ ಅಂಥವರನ್ನೇ ಆರಿಸಿ. ಸಂಧಿವಾತ ಇರುವವರಿಗೆ ಬಳಸುವ ಅಳತೆಯನ್ನು ಕಾಲೇಜು ಹುಡುಗರ ಮೇಲೆ ಪರೀಕ್ಷಿಸಿ ಪ್ರಯೋಜನವಿಲ್ಲ.

ಇಲ್ಲಿ ನಾನು ಪದೇ ಪದೇ ಕಾಣುವ ಒಂದು ತಪ್ಪಿದೆ. 15 ಜನರ ಬಲಗೈ, ಎಡಗೈ ಎರಡನ್ನೂ ಅಳೆದು, 30 ಸಾಲು ಮಾಡಿ, "ಎನ್ = 30" ಅಂತ ಬರೆಯುವುದು. ಒಬ್ಬರ ಎರಡು ಕೈಗಳು ಇಬ್ಬರು ಬೇರೆ ಮನುಷ್ಯರಲ್ಲ. ಬಲಗೈ ಗಟ್ಟಿ ಇದ್ದರೆ ಎಡಗೈಯೂ ಸಾಮಾನ್ಯವಾಗಿ ಗಟ್ಟಿ. ಎರಡು ಕೈಗೆ ಎರಡು ಬೇರೆ ಐಸಿಸಿ ತೆಗೆಯಿರಿ.

ಹಂತ 3: ಅಂಕಿಗಳನ್ನು ತುಂಬುವುದು

ಒಬ್ಬ ವ್ಯಕ್ತಿಗೆ ಒಂದು ಸಾಲು, ಒಂದು ದಿನಕ್ಕೆ ಒಂದು ಕಾಲಂ. ಪ್ರತಿ ಕಾಲಂನಲ್ಲಿ ಆ ದಿನದ ಮೂರು ಹಿಂಡುಗಳ ಸರಾಸರಿ. ಲೆಕ್ಕ ಕಣ್ಣಿಗೆ ಕಾಣಲಿ ಅಂತ ಎಂಟೇ ಜನರ, ನಾನೇ ಮಾಡಿಕೊಂಡ ಉದಾಹರಣೆ ಇಲ್ಲಿದೆ. ಬಲಗೈ, ಕೆಜಿಯಲ್ಲಿ:

| ವ್ಯಕ್ತಿ | ದಿನ 1 | ದಿನ 2 | ಸರಾಸರಿ | ವ್ಯತ್ಯಾಸ |
|---|---|---|---|---|
| 1 | 22 | 26 | 24 | 4 |
| 2 | 27 | 26 | 26.5 | -1 |
| 3 | 26 | 31 | 28.5 | 5 |
| 4 | 30 | 31 | 30.5 | 1 |
| 5 | 34 | 34 | 34 | 0 |
| 6 | 34 | 38 | 36 | 4 |
| 7 | 42 | 40 | 41 | -2 |
| 8 | 41 | 46 | 43.5 | 5 |

ಮೊದಲ ದಿನದ ಸರಾಸರಿ 32, ಎರಡನೇ ದಿನದ್ದು 34. ಗುಂಪು ಒಟ್ಟಾರೆ 2 ಕೆಜಿ ಏರಿದೆ. ಇದು ಬಹುಶಃ ಅಭ್ಯಾಸದ ಫಲ: ಎರಡನೇ ಸಲ ಕೈಗೆ ಉಪಕರಣದ ಪರಿಚಯ ಇರುತ್ತದೆ. ಮೊದಲ ದಿನ ಲೆಕ್ಕಕ್ಕೆ ಹಿಡಿಯದ ಒಂದು ಅಭ್ಯಾಸದ ಹಿಂಡು ಕೊಟ್ಟರೆ ಇಂಥ ಏರಿಕೆಯನ್ನು ತಗ್ಗಿಸಬಹುದು.

ಮೂರು ಹಿಂಡುಗಳನ್ನೂ ಬೇರೆ ಬೇರೆ ಕಾಲಂ ಮಾಡಿ, ಆರು ಕಾಲಂಗಳನ್ನು ಒಟ್ಟಿಗೆ ಐಸಿಸಿಗೆ ಕೊಡಬೇಡಿ. ಹಾಗೆ ಕೊಟ್ಟರೆ ಒಂದು ದಿನದ ಒಳಗಿನ ಹೊಂದಿಕೆ ಮತ್ತು ಎರಡು ದಿನಗಳ ನಡುವಿನ ಹೊಂದಿಕೆ ಕಲಸಿಹೋಗುತ್ತವೆ. ಬಂದ ಅಂಕಿ ಯಾವ ಪ್ರಶ್ನೆಗೂ ಸರಿಯಾದ ಉತ್ತರವಾಗುವುದಿಲ್ಲ.

ಹಂತ 4: ಒಮ್ಮೆ ಕೈಯಾರೆ ಲೆಕ್ಕ ಮಾಡಿ

ಸಾಫ್ಟ್‌ವೇರ್ ಇದೆಯಲ್ಲ, ಯಾಕೆ ಅನ್ನಬೇಡಿ. ಒಂದು ಸಲ ಮಾಡಿದರೆ ಸಾಕು. ಆಮೇಲೆ ಯಾವ ಔಟ್‌ಪುಟ್ ಬಂದರೂ ಹೆದರಿಕೆ ಇರುವುದಿಲ್ಲ. ಎರಡೇ ದಿನದ ಅಳತೆಯಾದರೆ ಅನೋವಾ ಪಟ್ಟಿಯೂ ಬೇಡ, ಎಕ್ಸೆಲ್‌ನಲ್ಲಿ ಮೂರು ಸಾಲು ಸಾಕು. ಮೇಲಿನ ಪಟ್ಟಿ `A`ಯಿಂದ `E` ಕಾಲಂವರೆಗೆ, 2ನೇ ಸಾಲಿನಿಂದ 9ರವರೆಗೆ ಇದೆ ಅಂದುಕೊಳ್ಳಿ.

```
MSR:  =2*VAR.S(D2:D9)                        → 95.43
MSE:  =VAR.S(E2:E9)/2                        → 4.00
MSC:  =COUNT(E2:E9)*AVERAGE(E2:E9)^2/2       → 16.00
```

`MSR` ಅನ್ನುವುದು ಸಾಲುಗಳ, ಅಂದರೆ ಜನರ ನಡುವಿನ ಏರಿಳಿತ. `MSC` ಕಾಲಂಗಳ, ಅಂದರೆ ದಿನಗಳ ನಡುವಿನದು. `MSE` ಉಳಿದ ಎರರ್. ಇವುಗಳಿಂದ ಮೂರು ಕಾರಣಗಳ ಪಾಲನ್ನು ಬಿಡಿಸಿ ತೆಗೆಯೋಣ. ಎಂಟು ಜನ, ಎರಡು ದಿನ:

```
ಜನ   = (MSR - MSE)/2 = (95.43 - 4)/2 = 45.71
ದಿನ  = (MSC - MSE)/8 = (16 - 4)/8    = 1.50
ಎರರ್ = MSE                           = 4.00
```

ಈಗ ಪಾಲು ತೆಗೆಯುವುದು ಸುಲಭ:

```
ICC = 45.71 / (45.71 + 1.50 + 4.00) = 0.89
```

ಇಷ್ಟೇ. ಒಟ್ಟು ಏರಿಳಿತದಲ್ಲಿ 89 ಪರ್ಸೆಂಟ್ ಜನರು ಬೇರೆ ಬೇರೆ ಆಗಿರುವುದರಿಂದ ಬಂದದ್ದು. ಉಳಿದ 11 ಪರ್ಸೆಂಟ್ ದಿನ ಮತ್ತು ಎರರ್ ಸೇರಿ ಮಾಡಿದ್ದು.

ಕೆಲವೊಮ್ಮೆ `MSC` ಅನ್ನುವುದು `MSE`ಗಿಂತ ಸಣ್ಣದಾಗಿ ಬಂದು, ದಿನದ ಪಾಲು ಮೈನಸ್ ಆಗುತ್ತದೆ. ಗಾಬರಿ ಬೇಡ. ದಿನಗಳ ನಡುವೆ ಒಟ್ಟಾರೆ ಏರಿಳಿತ ಇಲ್ಲ ಅಂತಷ್ಟೇ ಅರ್ಥ. ಅದನ್ನು ಸೊನ್ನೆ ಅಂದುಕೊಂಡು ಮುಂದೆ ಹೋಗಿ.

ಹಂತ 5: ಯಾವ ಐಸಿಸಿ?

ಐಸಿಸಿ ಒಂದಲ್ಲ, ಒಂದು ಕುಟುಂಬ. ಶ್ರೌಟ್ ಮತ್ತು ಫ್ಲೈಸ್ 1979ರಲ್ಲಿ ಆರು ಬಗೆ ಹೇಳಿದರು. ಮೆಕ್‌ಗ್ರಾ ಮತ್ತು ವಾಂಗ್ 1996ರಲ್ಲಿ ಅದನ್ನು ಹತ್ತಕ್ಕೆ ಬೆಳೆಸಿದರು. ಹತ್ತನ್ನೂ ಕಲಿಯಬೇಕಿಲ್ಲ. ನಿಮ್ಮ ಕೆಲಸಕ್ಕೆ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಸಾಕು.

ಮೊದಲ ಪ್ರಶ್ನೆ: ಎಲ್ಲರಿಗೂ ಒಟ್ಟಾಗಿ ಬಂದ ಏರಿಕೆಯನ್ನು ತಪ್ಪು ಅಂತ ಲೆಕ್ಕ ಹಿಡಿಯಬೇಕೋ ಬೇಡವೋ? ಹಿಡಿದರೆ ಅದು `Absolute Agreement`, ಅಂದರೆ ಅಂಕಿಗೆ ಅಂಕಿ ಹೊಂದಬೇಕು. ಹಿಡಿಯದಿದ್ದರೆ `Consistency`, ಅಂದರೆ ಜನರ ನಡುವಿನ ಮೇಲು ಕೆಳಗಿನ ಅಂತರ ಹೊಂದಿದರೆ ಸಾಕು. ಎರಡನೆಯದರಲ್ಲಿ ಕೆಳಗಿನ ಮೊತ್ತದಿಂದ ದಿನದ 1.50 ಬಿಟ್ಟುಹೋಗುತ್ತದೆ. 45.71ನ್ನು 49.71ರಿಂದ ಭಾಗಿಸಿದರೆ 0.92.

0.89ಕ್ಕೂ 0.92ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಹಾಗಾದರೆ ಒಂದು ಕೆಟ್ಟ ದಿನವನ್ನು ಊಹಿಸಿಕೊಳ್ಳಿ. ಎರಡನೇ ದಿನ ಡೈನಮೋಮೀಟರ್‌ನ ಸೊನ್ನೆ ಸರಿದಿತ್ತು, ಎಲ್ಲರ ಅಂಕಿಯೂ ಇನ್ನೂ 10 ಕೆಜಿ ಜಾಸ್ತಿ ಬಂತು. ಮೊದಲನೆಯವರಿಗೆ 26ರ ಬದಲು 36, ಎಂಟನೆಯವರಿಗೆ 46ರ ಬದಲು 56. ಈ ಉಪಕರಣವನ್ನು ಯಾರೂ ನಂಬುವುದಿಲ್ಲ. ಆದರೆ `Consistency` ಐಸಿಸಿ ಆಗಲೂ 0.92 ಅನ್ನುತ್ತದೆ, ಒಂದು ಕೂದಲೂ ಅಲುಗಾಡುವುದಿಲ್ಲ. ನಮಗೆಲ್ಲ ಪರಿಚಯವಿರುವ ಪಿಯರ್ಸನ್ ಕೋರಿಲೇಶನ್ ಕೂಡ 0.92ರಲ್ಲೇ ನಿಂತಿರುತ್ತದೆ. `Absolute Agreement` ಮಾತ್ರ 0.38ಕ್ಕೆ ಬೀಳುತ್ತದೆ. ಟೆಸ್ಟ್-ರೀಟೆಸ್ಟ್‌ನಲ್ಲಿ ನಮಗೆ ಬೇಕಾದದ್ದು ಈ ಬೀಳುವ ಐಸಿಸಿ. ನಾಳೆ ರೋಗಿಯ ಮುಂದೆ ಕೂತಾಗ ನೀವು ಅವರ ಕ್ರಮಾಂಕ ನೋಡುವುದಿಲ್ಲ, ಹೋದ ಸಲದ ಕೆಜಿಯನ್ನು ಈ ಸಲದ ಕೆಜಿ ಜೊತೆ ಹೋಲಿಸುತ್ತೀರಿ.

ಎರಡನೇ ಪ್ರಶ್ನೆ: ಮುಂದೆ ರೋಗಿಯನ್ನು ಎಷ್ಟು ದಿನ ಕರೆಸಿ ಅಳೆದು ತೀರ್ಮಾನಿಸುತ್ತೀರಿ? ಒಂದೇ ದಿನದ ಅಂಕಿ ನೋಡಿ ತೀರ್ಮಾನಿಸುವುದಾದರೆ `Single Measures`. ಎರಡು ಬೇರೆ ಬೇರೆ ದಿನ ಅಳೆದು, ಎರಡರ ಸರಾಸರಿಯನ್ನೇ ಫಲಿತಾಂಶ ಅನ್ನುವುದಾದರೆ `Average Measures`. ನಮ್ಮ ಉದಾಹರಣೆಯಲ್ಲಿ ಎರಡನೆಯದು 0.94.

ಜನ ಎಡವುವುದು ಇಲ್ಲೇ. "ನಾನು ಮೂರು ಹಿಂಡುಗಳ ಸರಾಸರಿ ತಗೊಂಡಿದ್ದೀನಲ್ಲ, ಹಾಗಾಗಿ ಆವರೇಜ್" ಅನ್ನುತ್ತಾರೆ. ತರ್ಕ ಸರಿ ಇದೆ ಅನ್ನಿಸುತ್ತದೆ, ಆದರೆ ಅಲ್ಲ. ಮೂರರ ಸರಾಸರಿ ಕಾಲಂ ಒಳಗೇ ಮುಗಿದುಹೋಯಿತು. ಸಾಫ್ಟ್‌ವೇರ್‌ಗೆ ಹಿಂಡುಗಳು ಕಾಣುವುದೇ ಇಲ್ಲ, ಅದಕ್ಕೆ ಕಾಣುವುದು ಎರಡು ಕಾಲಂ. ಅದು ಹೇಳುವ ಆವರೇಜ್ ಈ ಎರಡು ಕಾಲಂಗಳದ್ದು, ಅಂದರೆ ಎರಡು ದಿನಗಳದ್ದು. ಯಾವ ರೋಗಿಯನ್ನೂ ವಾರ ಬಿಟ್ಟು ಮತ್ತೆ ಕರೆಸಿ ಆಮೇಲೆ ಅಂಕಿ ಹೇಳುವ ಪದ್ಧತಿ ನಿಮ್ಮಲ್ಲಿ ಇಲ್ಲ ತಾನೇ? ಹಾಗಾದರೆ ಬರೆಯಬೇಕಾದ್ದು `Single Measures`, 0.89. "ಒಂದು ಅಳತೆ ಅಂದರೆ ಮೂರು ಹಿಂಡುಗಳ ಸರಾಸರಿ" ಅಂತ ವಿಧಾನದ ಭಾಗದಲ್ಲಿ ಸ್ಪಷ್ಟಪಡಿಸಿದರೆ ಆಯಿತು.

ರ್‍ಯಾಂಡಮ್ ಮಾಡೆಲ್ಲೋ ಮಿಕ್ಸೆಡ್ ಮಾಡೆಲ್ಲೋ ಅಂತ ತಲೆ ಕೆಡಿಸಿಕೊಳ್ಳುವವರೂ ಇದ್ದಾರೆ. ಟೂ-ವೇ ಒಳಗೆ ಯಾವುದನ್ನು ಒತ್ತಿದರೂ ಅದೇ ಅಂಕಿ ಬರುತ್ತದೆ, ಬದಲಾಗುವುದು ಅದರ ವ್ಯಾಖ್ಯಾನ ಮಾತ್ರ. ಅಂಕಿ ಬದಲಾಗುವುದು ಮೇಲಿನ ಎರಡು ಪ್ರಶ್ನೆಗಳಿಂದ. ಹಾಗಂತ ಯಾವುದನ್ನು ಆರಿಸಿದಿರಿ ಅಂತ ಬರೆಯದೆ ಬಿಡಬೇಡಿ.

ಹಂತ 6: ಸಾಫ್ಟ್‌ವೇರ್‌ನಲ್ಲಿ, ಮತ್ತು ಅಂಚುಗಳನ್ನು ಓದುವುದು

ಎಸ್‌ಪಿಎಸ್‌ಎಸ್‌ನಲ್ಲಿ `Analyze` > `Scale` > `Reliability Analysis` ಒತ್ತಿ. ಎರಡು ಕಾಲಂಗಳನ್ನು `Items` ಪೆಟ್ಟಿಗೆಗೆ ತನ್ನಿ. `Statistics` ಒತ್ತಿ, ಕೆಳಗಿರುವ `Intraclass correlation coefficient`ಗೆ ಟಿಕ್ ಹಾಕಿ. ಎಚ್ಚರ: ಅಲ್ಲಿ ಮೊದಲೇ ಆಯ್ಕೆಯಾಗಿ ಬಂದಿರುವುದು `Two-Way Mixed` ಮತ್ತು `Consistency`. ಸುಮ್ನೆ ಓಕೆ ಒತ್ತಿದರೆ 0.92 ಬರುತ್ತದೆ. `Type` ಅನ್ನು `Absolute Agreement`ಗೆ ಬದಲಿಸಿ. ಔಟ್‌ಪುಟ್‌ನ ಮೇಲ್ಗಡೆ ಕ್ರಾನ್‌ಬಾಕ್ ಆಲ್ಫಾ ಅಂತ 0.96 ಕಾಣುತ್ತದೆ. ಅದು `Consistency`ಯ `Average Measures` ಅಂಕಿಯೇ, ಬೇರೆ ಹೆಸರಿನಲ್ಲಿ. ಅದನ್ನು ಎತ್ತಿಕೊಂಡು ಹೋಗಬೇಡಿ.

ಆರ್ ಬಳಸುವವರಿಗೆ:

```r
library(irr)
d1 <- c(22,27,26,30,34,34,42,41)
d2 <- c(26,26,31,31,34,38,40,46)
icc(cbind(d1,d2), model="twoway",
    type="agreement", unit="single")
```

ಇಲ್ಲೂ ಮೂರು ಆಯ್ಕೆಗಳನ್ನು ನೀವೇ ಬರೆಯಬೇಕು. ಬಿಟ್ಟರೆ ಪ್ಯಾಕೇಜ್ ತನ್ನಷ್ಟಕ್ಕೆ `oneway` ಹಿಡಿಯುತ್ತದೆ.

ಈಗ 0.89ರ ಪಕ್ಕದಲ್ಲಿ ಬರುವ ಎರಡು ಅಂಚುಗಳನ್ನು ನೋಡಿ. ಇದು 95 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್, ನಿಜವಾದ ಐಸಿಸಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು. ನಮ್ಮ ಎಂಟು ಜನರಿಗೆ ಅದು ಸುಮಾರು 0.5ರಿಂದ 0.98. ಕೂ ಮತ್ತು ಲೀ ಕೊಟ್ಟ ಅಳತೆಗೋಲು ಹೀಗಿದೆ: 0.5ಕ್ಕಿಂತ ಕಡಿಮೆ ಇದ್ದರೆ ಕಳಪೆ, 0.5ರಿಂದ 0.75 ಸಾಧಾರಣ, 0.75ರಿಂದ 0.9 ಚೆನ್ನ, 0.9ರ ಮೇಲೆ ಅತ್ಯುತ್ತಮ. ಅವರೇ ಹೇಳುವ ಇನ್ನೊಂದು ಮಾತನ್ನು ಹೆಚ್ಚಿನವರು ಓದುವುದಿಲ್ಲ: ಈ ಗೋಲನ್ನು ಇಡಬೇಕಾದ್ದು ಇಂಟರ್ವಲ್ ಮೇಲೆ, ಒಂಟಿ ಅಂಕಿಯ ಮೇಲಲ್ಲ. ಹಾಗೆ ಇಟ್ಟರೆ ನಮ್ಮ ಫಲಿತಾಂಶ "ಸಾಧಾರಣದಿಂದ ಅತ್ಯುತ್ತಮದವರೆಗೆ ಏನು ಬೇಕಾದರೂ ಇರಬಹುದು" ಎಂದಾಗುತ್ತದೆ. ಎಂಟು ಜನ ಸಾಲದು ಅಂದಿದ್ದು ಇದಕ್ಕೇ.

ಪಿ ವ್ಯಾಲ್ಯೂ ಕೂಡ ಪಕ್ಕದಲ್ಲಿರುತ್ತದೆ. ಅದು ಪರೀಕ್ಷಿಸುವುದು ಐಸಿಸಿ ಸೊನ್ನೆಯೋ ಅಲ್ಲವೋ ಅನ್ನುವುದನ್ನು. ಸೊನ್ನೆ ಇರಲಿಕ್ಕಿಲ್ಲ ಅಂತ ಅಳೆಯುವ ಮೊದಲೇ ಗೊತ್ತಿತ್ತು, ಆದ್ದರಿಂದ ಅದರಿಂದ ಹೊಸದೇನೂ ತಿಳಿಯುವುದಿಲ್ಲ.

ಹಂತ 7: ಕೆಜಿಗೆ ಹಿಂತಿರುಗಿ

ಐಸಿಸಿ ಒಂದನ್ನೇ ಬರೆದು ನಿಲ್ಲಿಸಿದ ಥೀಸಿಸ್‌ಗಳು ಬಹಳ. ಅಲ್ಲಿಗೆ ನಿಲ್ಲಿಸಬಾರದು. ಯಾಕೆ ಅಂತ ನೋಡಲು ಮೇಲಿನ ಪಟ್ಟಿಯಿಂದ ನಡುವಿನ ನಾಲ್ವರನ್ನು, ಅಂದರೆ 3, 4, 5, 6ನೇ ವ್ಯಕ್ತಿಗಳನ್ನು ಮಾತ್ರ ತೆಗೆದುಕೊಳ್ಳಿ. ಅವರೇ ಜನ, ಅವೇ ಅಂಕಿಗಳು, ಅದೇ ಉಪಕರಣ. ಮೂರು ಪಾಲುಗಳು ಹೀಗೆ ಬರುತ್ತವೆ: ಜನ 10.00, ದಿನ 2.42, ಎರರ್ 2.83. ಐಸಿಸಿ 0.66! 0.89 ಎಲ್ಲಿ ಹೋಯಿತು?

ಉಪಕರಣ ಕೆಟ್ಟಿಲ್ಲ. ದಿನ ಮತ್ತು ಎರರ್ ಸೇರಿಸಿ ನೋಡಿ: ಮೊದಲು 5.50, ಈಗ 5.25. ಹೆಚ್ಚುಕಮ್ಮಿ ಅಷ್ಟೇ. ಕುಗ್ಗಿದ್ದು ಜನರ ನಡುವಿನ ವ್ಯತ್ಯಾಸ, 45.71ರಿಂದ 10ಕ್ಕೆ. ಒಂದೇ ತರದ ಜನರನ್ನು ಆರಿಸಿದರೆ ಅವರ ಪಾಲು ಸಣ್ಣದಾಗುತ್ತದೆ, ಐಸಿಸಿ ಬೀಳುತ್ತದೆ. ಇದರ ಉಲ್ಟಾ ಕೂಡ ನಿಜ. ಗಂಡಸರು, ಹೆಂಗಸರು, ಇಪ್ಪತ್ತರವರು, ಎಪ್ಪತ್ತರವರು ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಐಸಿಸಿ ತಾನಾಗಿಯೇ ಉಬ್ಬುತ್ತದೆ. ಅಳತೆ ಒಂದು ಗುಲಗಂಜಿಯಷ್ಟೂ ಸುಧಾರಿಸಿರುವುದಿಲ್ಲ.

ಈ ಮೋಸಕ್ಕೆ ಮದ್ದು ಎಸ್‌ಇಎಂ, ಅಂದರೆ ಸ್ಟ್ಯಾಂಡರ್ಡ್ ಎರರ್ ಆಫ್ ಮೆಷರ್‌ಮೆಂಟ್. ಒಂದು ಅಂಕಿ ಸುಮ್ಮನೆ ಎಷ್ಟು ಕೆಜಿ ಆಚೀಚೆ ಆಡುತ್ತದೆ ಅನ್ನುವುದನ್ನು ಇದು ಹೇಳುತ್ತದೆ. ದಿನ ಮತ್ತು ಎರರ್ ಕೂಡಿಸಿ ವರ್ಗಮೂಲ ತೆಗೆಯಿರಿ:

```
SEM   = sqrt(1.50 + 4.00)        = 2.3 kg
MDC95 = 1.96 * sqrt(2) * SEM     = 6.5 kg
```

ನಾಲ್ವರಿಗೆ ಮಾತ್ರ ಹಾಕಿದರೂ ಎಸ್‌ಇಎಂ 2.3 ಕೆಜಿಯೇ ಬರುತ್ತದೆ. ಐಸಿಸಿ 0.89ರಿಂದ 0.66ಕ್ಕೆ ಇಳಿಯಿತು, ಇದು ಕದಲಲಿಲ್ಲ.

ಎರಡನೇ ಸಾಲಿನ ಎಂಡಿಸಿ ಅಂದರೆ ಮಿನಿಮಲ್ ಡಿಟೆಕ್ಟಬಲ್ ಚೇಂಜ್. ಒಬ್ಬ ರೋಗಿಯಲ್ಲಿ ಎಷ್ಟು ಕೆಜಿ ಬದಲಾದರೆ ಅದು ಅಳತೆಯ ಆಟವಲ್ಲ, ನಿಜವಾದ ಬದಲಾವಣೆ ಅಂತ 95 ಪರ್ಸೆಂಟ್ ಭರವಸೆಯಿಂದ ಹೇಳಬಹುದು ಅನ್ನುವ ಗಡಿ. ಎರಡು ಅಳತೆಗಳಲ್ಲೂ ಎರರ್ ಇರುವುದರಿಂದ 2ರ ವರ್ಗಮೂಲ ಬಂದಿದೆ. ನಿಮ್ಮ ರೋಗಿ ನಾಲ್ಕು ವಾರದ ವ್ಯಾಯಾಮದ ನಂತರ 28ರಿಂದ 32 ಕೆಜಿಗೆ ಏರಿದರು ಅನ್ನಿ. 4 ಕೆಜಿ ಅನ್ನುವುದು 6.5ರ ಒಳಗೇ ಇದೆ. ಅವರು ಸುಧಾರಿಸಿರಬಹುದು, ಆದರೆ ಈ ಎರಡು ಅಂಕಿಗಳಿಂದ ಹಾಗಂತ ಹೇಳಲು ಬರುವುದಿಲ್ಲ. 28ರಿಂದ 36ಕ್ಕೆ ಏರಿದ್ದರೆ ಹೇಳಬಹುದಿತ್ತು. ಇದು ಒಬ್ಬ ರೋಗಿಯ ಮಾತು. ಮೂವತ್ತು ಜನರ ಗುಂಪಿನ ಸರಾಸರಿ 4 ಕೆಜಿ ಏರಿದರೆ ಅದಕ್ಕೆ ಈ ಗಡಿ ಅನ್ವಯಿಸುವುದಿಲ್ಲ. ಅಲ್ಲದೆ, ಅಷ್ಟು ಏರಿದ್ದರಿಂದ ರೋಗಿಗೆ ಬದುಕಿನಲ್ಲಿ ಏನಾದರೂ ಉಪಯೋಗವಾಯಿತೇ ಅನ್ನುವುದು ಬೇರೆಯೇ ಪ್ರಶ್ನೆ, ಎಂಡಿಸಿ ಅದಕ್ಕೆ ಉತ್ತರಿಸುವುದಿಲ್ಲ.

ಎಸ್‌ಇಎಂಗೆ `SD * sqrt(1 - ICC)` ಅನ್ನುವ ಸೂತ್ರವನ್ನೂ ನೋಡಿರುತ್ತೀರಿ. ಅದೂ ಸರಿಯೇ, ಇಲ್ಲಿ ಹೆಚ್ಚುಕಮ್ಮಿ ಅದೇ ಉತ್ತರ ಬರುತ್ತದೆ. ಆದರೆ ಆ `ICC` ಜಾಗಕ್ಕೆ 0.94 ಹಾಕಿದವರ ಎಸ್‌ಇಎಂ 1.7 ಕೆಜಿಗೆ ಇಳಿಯುತ್ತದೆ, ಎಂಡಿಸಿ 4.7ಕ್ಕೆ. ಆಮೇಲೆ 5 ಕೆಜಿ ಏರಿದ ರೋಗಿಗೆ "ನಿಜವಾಗಿ ಸುಧಾರಣೆ ಆಗಿದೆ" ಅನ್ನುತ್ತಾರೆ. ತಪ್ಪು ಸಾಲನ್ನು ಆರಿಸಿದ್ದು ಕೊನೆಗೆ ರೋಗಿಯ ಫೈಲ್‌ವರೆಗೂ ಹೋಗುತ್ತದೆ. ಹಾಗೆಯೇ ಬೇರೆಯವರ ಪೇಪರಿನಿಂದ ಐಸಿಸಿ ತಂದು ನಿಮ್ಮ ಎಸ್‌ಡಿಗೆ ಗುಣಿಸಬೇಡಿ. ಅವರ ಜನ ಬೇರೆ, ಅವರ ಪಾಲು ಬೇರೆ.

ಕೊನೆಗೊಂದು ಚಿತ್ರ ಬಿಡಿಸಿ ನೋಡಿ. ಅಡ್ಡಕ್ಕೆ ಪ್ರತಿಯೊಬ್ಬರ ಸರಾಸರಿ, ಮೇಲಕ್ಕೆ ಎರಡು ದಿನದ ವ್ಯತ್ಯಾಸ. ಇದು ಬ್ಲಾಂಡ್-ಆಲ್ಟ್‌ಮನ್ ಚಿತ್ರ. ಬಲ ಹೆಚ್ಚಿದಂತೆ ಚುಕ್ಕೆಗಳು ಬೀಸಣಿಗೆಯಂತೆ ಅಗಲವಾಗುತ್ತಾ ಹೋದರೆ, ಗಟ್ಟಿ ಕೈಯವರಲ್ಲಿ ಎರರ್ ಜಾಸ್ತಿ ಅಂತ ಅರ್ಥ. ಆಗ ಎಲ್ಲರಿಗೂ ಒಂದೇ 6.5 ಕೆಜಿ ಅನ್ನುವುದು ನ್ಯಾಯವಲ್ಲ. ದುರ್ಬಲರಿಗೆ ಅದು ಅತಿಯಾಗುತ್ತದೆ, ಬಲಶಾಲಿಗಳಿಗೆ ಸಾಲದು. ಒಂದೇ ಒಂದು ಚುಕ್ಕೆ ಎಲ್ಲರಿಂದ ದೂರ ಹಾರಿದ್ದರೆ ಅಳಿಸುವ ಮೊದಲು ಮೂಲ ಹಾಳೆ ತೆಗೆದು ನೋಡಿ. ಎಷ್ಟೋ ಸಲ ಅದು 43ರ ಬದಲು 34 ಅಂತ ಟೈಪ್ ಆಗಿರುತ್ತದೆ.

ಹಂತ 8: ಬರೆಯುವುದು

"ಐಸಿಸಿ = 0.89" ಅಂತಷ್ಟೇ ಬರೆದರೆ ಓದುವವರಿಗೆ ಹತ್ತರಲ್ಲಿ ಯಾವುದು ಅಂತ ತಿಳಿಯುವುದಿಲ್ಲ. ಈ ಉದಾಹರಣೆಯನ್ನು ನಾನಾದರೆ ಹೀಗೆ ಬರೆಯುತ್ತೇನೆ:

"ಒಬ್ಬರೇ ಪರೀಕ್ಷಕರು 7 ದಿನಗಳ ಅಂತರದಲ್ಲಿ 8 ಜನರ ಬಲಗೈ ಹಿಡಿತದ ಬಲವನ್ನು ಎರಡು ಸಲ ಅಳೆದರು. ಪ್ರತಿ ಅಳತೆಯೂ ಮೂರು ಹಿಂಡುಗಳ ಸರಾಸರಿ. ಟೂ-ವೇ ರ್‍ಯಾಂಡಮ್, ಅಬ್ಸಲ್ಯೂಟ್ ಅಗ್ರಿಮೆಂಟ್, ಸಿಂಗಲ್ ಮೆಷರ್ ಐಸಿಸಿ 0.89 (95 ಪರ್ಸೆಂಟ್ ಇಂಟರ್ವಲ್ 0.5ರಿಂದ 0.98). ಎರಡನೇ ದಿನದ ಸರಾಸರಿ 2 ಕೆಜಿ ಹೆಚ್ಚಿತ್ತು. ಎಸ್‌ಇಎಂ 2.3 ಕೆಜಿ, ಎಂಡಿಸಿ 6.5 ಕೆಜಿ. ಲೆಕ್ಕಕ್ಕೆ ಆರ್‌ನ `irr` ಪ್ಯಾಕೇಜ್ ಬಳಸಲಾಗಿದೆ."

2 ಕೆಜಿ ಏರಿಕೆಯ ಸಾಲನ್ನು ಕೆಲವರು ಬಿಟ್ಟುಬಿಡುತ್ತಾರೆ. ಪೇರ್ಡ್ ಟಿ-ಟೆಸ್ಟ್ ಹಾಕಿದರೆ ಪಿ 0.09 ಬರುತ್ತದೆ, "ಸಿಗ್ನಿಫಿಕೆಂಟ್ ಅಲ್ಲ, ಆದ್ದರಿಂದ ಏರಿಕೆ ಇಲ್ಲ" ಅನ್ನುತ್ತಾರೆ. ಎಂಟು ಜನರಲ್ಲಿ 2 ಕೆಜಿಯ ಏರಿಕೆ ಆ ಗಡಿ ದಾಟದೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಅದೇ ಏರಿಕೆ, ಅದೇ ಹರಡುವಿಕೆ 30 ಜನರಲ್ಲಿ ಬಂದಿದ್ದರೆ ದಾಟುತ್ತಿತ್ತು. ಏರಿಕೆಯನ್ನು ಕೆಜಿಯಲ್ಲೇ ಬರೆದುಬಿಡಿ.